ಮರ ಕೊಯ್ಯುವ ಮೊದಲು: ಮೇಜಿನ ಮೂಲೆಯೊಳಗೆ ಇಣುಕಿ ನೋಡೋಣ

ನಮಸ್ಕಾರ. ಗೋಡೆಗೆ ಒರಗಿಸಿಟ್ಟಿರುವ ಈ ಸಾಗುವಾನಿ ಹಲಗೆಗಳನ್ನು ನೋಡಿ. ಇವು ಬರೆಯುವ ಮೇಜಾಗಬೇಕು. ಆದರೆ ಇವತ್ತು ಗರಗಸ ಮುಟ್ಟೋದಿಲ್ಲ. ಇವತ್ತಿನ ಕೆಲಸವೆಲ್ಲ ಫ್ರೀಕ್ಯಾಡ್‌ನಲ್ಲಿ. ಇದು ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾಡೆಲ್ ಬಿಡಿಸುವ ಉಚಿತ ಸಾಫ್ಟ್‌ವೇರ್, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಇಷ್ಟು ಕೆಲಸಕ್ಕೆ ಸಾಕು.

ಮೇಜು ಸರಳವಾದದ್ದು. ಮೇಲಿನ ಹಲಗೆ 1200 ಮಿಲಿಮೀಟರ್ ಉದ್ದ, 600 ಅಗಲ. ಕಾಲುಗಳು 45 ಮಿಲಿಮೀಟರ್ ಚೌಕ. ಕಾಲುಗಳನ್ನು ಹಿಡಿದಿಡುವ ಪಟ್ಟಿಗಳು ಹಿಂದೆ ಮತ್ತು ಎರಡು ಪಕ್ಕದಲ್ಲಿ, 22 ದಪ್ಪ, 120 ಅಗಲ. ಮುಂದೆ ಒಂದು ಡ್ರಾಯರ್. ಪಟ್ಟಿಯ ತುದಿಯಲ್ಲಿ ನಾಲಿಗೆಯಂತೆ ಟೆನನ್ ಬಿಡಿಸಿ, ಕಾಲಿನಲ್ಲಿ ಕೊರೆದ ತೂತಿಗೆ, ಅಂದರೆ ಮಾರ್ಟಿಸ್‌ಗೆ, ಸೇರಿಸಬೇಕು. ಡ್ರಾಯರ್ ಮೂಲೆಗಳಿಗೆ ಡವ್‌ಟೇಲ್, ಅಂದರೆ ಪಾರಿವಾಳದ ಬಾಲದಂತೆ ತುದಿ ಅಗಲವಾದ ಹಲ್ಲುಗಳ ಜೋಡಣೆ.

ಈಗ ಹಿಂದಿನ ಕಾಲಿನ ಹತ್ತಿರ ಹೋಗೋಣ. ನನಗೆ ಇಡೀ ಮೇಜಿನಲ್ಲಿ ಜಾಸ್ತಿ ಯೋಚನೆ ಬೇಕಾಗಿದ್ದು ಇಲ್ಲೇ. ಒಂದೇ ಕಾಲಿಗೆ ಎರಡು ಪಟ್ಟಿಗಳು ಬರುತ್ತವೆ, ಒಂದು ಹಿಂಬದಿಯಿಂದ, ಇನ್ನೊಂದು ಪಕ್ಕದಿಂದ. ಹೊರಗಿನಿಂದ ನೋಡಿದರೆ ಏನೂ ತೊಂದರೆ ಕಾಣೋದಿಲ್ಲ. ಎರಡು ಟೆನನ್‌ಗಳು ಡಿಕ್ಕಿ ಹೊಡೆಯೋದು ಮರದ ಒಳಗೆ. ಕಾಲನ್ನು ಸ್ಕ್ರೀನ್ ಮೇಲೆ ಗಾಜಿನಂತೆ ಪಾರದರ್ಶಕ ಮಾಡಿದರೆ ಅದು ಎದ್ದು ಕಾಣುತ್ತದೆ.

ಲೆಕ್ಕ ಹೀಗಿದೆ. ನನ್ನ ಹತ್ತಿರ ಇರುವ ಉಳಿ 8 ಮಿಲಿಮೀಟರ್ ಅಗಲದ್ದು, ಹಾಗಾಗಿ ಟೆನನ್ ದಪ್ಪವೂ 8. ಪಟ್ಟಿಯ ಮೂರನೇ ಒಂದು ಭಾಗ ಅನ್ನೋ ರೂಢಿಗೂ ಇದು ಹತ್ತಿರ. ಪಟ್ಟಿ ಕಾಲಿನ ಹೊರಮೈಗಿಂತ 5 ಮಿಲಿಮೀಟರ್ ಒಳಗೆ ಕೂತರೆ ಚೆಂದ ಅಂತ ಮೊದಲು ಹಾಗೆ ಇಟ್ಟೆ. ಆಗ ಟೆನನ್ ಕಾಲಿನೊಳಗೆ ನೇರವಾಗಿ ಎಷ್ಟು ದೂರ ಹೋಗಬಹುದು? ಫ್ರೀಕ್ಯಾಡ್‌ನ Spreadsheet ಹಾಳೆಯಲ್ಲಿ ಪ್ರತಿ ಅಳತೆಗೂ ಹೆಸರಿಟ್ಟಿದ್ದೇನೆ: leg ಕಾಲಿನ ದಪ್ಪ, setback ಪಟ್ಟಿ ಒಳಗೆ ಕೂತ ದೂರ, rail_t ಪಟ್ಟಿಯ ದಪ್ಪ, tenon_t ಟೆನನ್ ದಪ್ಪ. ಒಂದು ಚೌಕದಲ್ಲಿ ಇದನ್ನು ಬರೆದಿದ್ದೇನೆ:

```
=leg - setback - (rail_t + tenon_t) / 2
```

ಉತ್ತರ 25. ಅದಕ್ಕಿಂತ ಉದ್ದವಾದರೆ ಇನ್ನೊಂದು ಟೆನನ್‌ನ ಜಾಗಕ್ಕೆ ನುಗ್ಗುತ್ತದೆ. ಎರಡನ್ನೂ 32 ಮಾಡಿ ಪರೀಕ್ಷೆ ಮಾಡೋಣ. ಕಣ್ಣಳತೆ ಬೇಡ, ಎರಡು ಪಟ್ಟಿಗಳು ಒಂದರೊಳಗೊಂದು ಎಷ್ಟು ಹೊಕ್ಕಿವೆ ಅಂತ ಫ್ರೀಕ್ಯಾಡ್‌ನ Python console ನೇರವಾಗಿ ಹೇಳುತ್ತದೆ:

```python
d = App.ActiveDocument
a = d.getObjectsByLabel("rail_back")[0].Shape
b = d.getObjectsByLabel("rail_side")[0].Shape
print(a.common(b).Volume)
```

4410 ಘನ ಮಿಲಿಮೀಟರ್. ಅಂದರೆ 7 ಮಿಲಿಮೀಟರ್ ಉದ್ದ, 7 ಅಗಲ, ಟೆನನ್‌ನಷ್ಟೇ 90 ಎತ್ತರದ ಮರ ಒಂದೇ ಜಾಗದಲ್ಲಿ ಎರಡು ಸಲ ಇದೆ. ನಿಜವಾದ ಮರದಲ್ಲಾದರೆ ಮೊದಲನೇ ಪಟ್ಟಿ ಸಲೀಸಾಗಿ ಕೂರುತ್ತದೆ, ಎರಡನೆಯದು ಟೆನನ್ ಬುಡದ ಮೆಟ್ಟಿಲು, ಅಂದರೆ ಭುಜ, ಕಾಲಿಗೆ ತಾಗುವ ಮೊದಲೇ ನಿಂತುಬಿಡುತ್ತದೆ. ಅಂಟು ಹಚ್ಚಿದ ಮೇಲೆ ಇದು ಗೊತ್ತಾದರೆ ಗತಿ ಏನು ಹೇಳಿ.

ಇದಕ್ಕೆ ಹಳೆಯ ಪರಿಹಾರ, ಎರಡೂ ಟೆನನ್‌ಗಳ ತುದಿಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸೋದು. ಆಗ 32 ಉದ್ದ ಸಿಗುತ್ತದೆ. ಆದರೆ ಮಾಡೆಲ್ ತಿರುಗಿಸಿ ನೋಡಿ. ಆ ಉದ್ದ ಸಿಗೋದು ಟೆನನ್‌ನ ಹೊರಗಿನ ಕೆನ್ನೆಗೆ, ಅಂದರೆ ಹೊರಗಿನ ಅಗಲ ಮುಖಕ್ಕೆ, ಮಾತ್ರ. ಒಳಗಿನ ಕೆನ್ನೆ 24ಕ್ಕೇ ನಿಲ್ಲುತ್ತದೆ. ಅಂಟು ಗಟ್ಟಿಯಾಗಿ ಹಿಡಿಯೋದು ಈ ಎರಡು ಕೆನ್ನೆಗಳ ಮೇಲೆ, ತುದಿಯಲ್ಲಲ್ಲ. ಎರಡೂ ಸೇರಿ 56 ಆಯಿತು.

ಈಗ ಓರೆ ಕೊಯ್ತ ಬಿಟ್ಟು, setback ಚೌಕದಲ್ಲಿ 5 ಇದ್ದದ್ದನ್ನು 2 ಮಾಡುತ್ತೇನೆ. ನೇರ ಟೆನನ್‌ನ ಮಿತಿ 28ಕ್ಕೆ ಏರಿತು. ಒಂದು ಮಿಲಿಮೀಟರ್ ಅಂಟಿಗೆ ಜಾಗ ಬಿಟ್ಟರೆ 27, ಎರಡು ಕೆನ್ನೆ ಸೇರಿ 54. ಓರೆ ಕೊಯ್ತಕ್ಕೆ ಹೆಚ್ಚುಕಡಿಮೆ ಸಮ! ತೂತಿನ ಹೊರಗೋಡೆ 12ರಿಂದ 9ಕ್ಕೆ ಇಳಿಯಿತು, ಆದರೂ ಟೆನನ್‌ಗಿಂತ ದಪ್ಪವೇ ಇದೆ. ನಾನು ಇದನ್ನೇ ಆರಿಸಿಕೊಂಡೆ. ಪಟ್ಟಿಯನ್ನು ಕಾಲಿನ ಹೊರಮೈಗೆ ಪೂರ್ತಿ ಸಮ ಮಾಡಿದರೆ ಇನ್ನೂ ಉದ್ದ ಸಿಗುತ್ತದೆ ನಿಜ. ಆದರೆ ಹೊರಗೋಡೆ 7 ಮಾತ್ರ ಉಳಿಯುತ್ತದೆ, ಉಳಿ ಹೊಡೆಯುವಾಗ ಅದು ಸೀಳುವ ಭಯ ನನಗೆ.

ಈ ಮಾಡೆಲನ್ನು ನಮ್ಮ ಬೀದಿಯ ಆಚಾರ್ರಿಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು. "ಕಾಲಿನ ತಲೆ ಉದ್ದ ಬಿಟ್ಟಿದ್ದೀರಾ ತಾನೇ ಸಾರ್?" ಮಾಡೆಲ್‌ನಲ್ಲಿರೋದು ಮುಗಿದ ಮೇಜಿನ ಕಾಲು. ಆದರೆ ಮಾರ್ಟಿಸ್ ಕಾಲಿನ ತಲೆಗೆ ಹತ್ತಿರ ಬರುತ್ತದೆ. ಕೊರೆಯುವಾಗ ಅಲ್ಲಿ 25 ಮಿಲಿಮೀಟರ್ ಮರ ಹೆಚ್ಚಿಗೆ ಇದ್ದರೆ ತಲೆ ಸೀಳೋದಿಲ್ಲ. ಜೋಡಣೆ ಆದಮೇಲೆ ಕೊಯ್ದು ಸಮ ಮಾಡಿದರಾಯಿತು. ಹಾಗಾಗಿ ಹಾಳೆಯಲ್ಲಿ ಕಾಲಿನ ಉದ್ದಕ್ಕೆ ಎರಡು ಸಾಲು ಇಟ್ಟಿದ್ದೇನೆ: ಕೊಯ್ಯುವ ಉದ್ದ, ಮುಗಿದ ಉದ್ದ. ಪಟ್ಟಿಗೂ ಅಷ್ಟೇ. ಕಾಲಿನಿಂದ ಕಾಲಿಗೆ ಹಿಂಬದಿ ಪಟ್ಟಿ ಕಾಣೋದು 1010, ಆದರೆ ಎರಡು ಟೆನನ್ ಸೇರಿಸಿ ಕೊಯ್ಯಬೇಕಾದದ್ದು 1064.

ಇನ್ನು ಡ್ರಾಯರ್. ಮುಂಭಾಗ 20 ದಪ್ಪ, ಪಕ್ಕದ ಹಲಗೆ 12, ಎತ್ತರ 78. ಡವ್‌ಟೇಲ್ ಬಾಲಗಳು ಪಕ್ಕದ ಹಲಗೆಯಲ್ಲೇ ಇರಬೇಕು. ಬಾಲದ ಉದ್ದ 15, ಹಾಗಾಗಿ ಮುಂಭಾಗದಲ್ಲಿ 5 ಮಿಲಿಮೀಟರ್ ಮರ ಉಳಿದು ಜೋಡಣೆಯನ್ನು ಮುಚ್ಚುತ್ತದೆ. ಸಾಗುವಾನಿಗೆ ಓರೆ 1:8 ಇಟ್ಟಿದ್ದೇನೆ, ಸುಮಾರು 7 ಡಿಗ್ರಿ.

ಬಾಲಗಳು ಸರಿಯಾದ ಹಲಗೆಯಲ್ಲಿವೆಯಾ ಅಂತ ನೋಡೋಕೆ ಒಂದು ಚಿಕ್ಕ ಪರೀಕ್ಷೆ. ಮಾಡೆಲ್‌ನಲ್ಲಿ ಡ್ರಾಯರ್ ಮುಂಭಾಗವನ್ನು 3 ಮಿಲಿಮೀಟರ್ ಮುಂದಕ್ಕೆ ಎಳೆಯಿರಿ. ಆಗಿನ ಅದೇ ನಾಲ್ಕು ಸಾಲಿನಲ್ಲಿ ಪಟ್ಟಿಗಳ ಹೆಸರಿನ ಜಾಗಕ್ಕೆ ಮುಂಭಾಗ ಮತ್ತು ಪಕ್ಕದ ಹಲಗೆಯ ಹೆಸರು ಹಾಕಿ ಓಡಿಸಿ. ಈ ಸಲ ಸೊನ್ನೆ ಬರಬಾರದು! ಒಂದು ಸಂಖ್ಯೆ ಬಂತು ಅಂದರೆ ಬಾಲಗಳು ಎಳೆತವನ್ನು ತಡೆಯುತ್ತಿವೆ ಅಂತ. ಸೊನ್ನೆ ಬಂದರೆ ಬಾಲಗಳು ತಪ್ಪು ಹಲಗೆಯಲ್ಲಿವೆ, ಹಿಡಿ ಎಳೆದಾಗಲೆಲ್ಲ ಭಾರ ಬೀಳೋದು ಅಂಟಿನ ಮೇಲೆ ಮಾತ್ರ.

ಇನ್ನೊಂದು ಕಡೆ ಝೂಮ್ ಮಾಡುತ್ತೇನೆ. ಡ್ರಾಯರ್ ತಳದ ಪ್ಲೈವುಡ್ ಕೂರಲು 6 ಮಿಲಿಮೀಟರ್ ಗಾಡಿ, ಅಂದರೆ ಉದ್ದನೆಯ ತೋಡು, ಬೇಕು. ಅದು ಕೆಳ ಅಂಚಿನಿಂದ 10ರಿಂದ 16ರವರೆಗೆ. ಅತ್ಯಂತ ಕೆಳಗಿನ ಬಾಲ ಶುರುವಾಗೋದು ತುದಿಯಲ್ಲಿ 6ಕ್ಕೆ, ಬುಡದಲ್ಲಿ ಸುಮಾರು 8ಕ್ಕೆ. ಅಂದರೆ ಗಾಡಿ ಪೂರ್ತಿಯಾಗಿ ಬಾಲದೊಳಗೇ ಬಿತ್ತು. ಮುಂಭಾಗದ ಗಾಡಿ ಆ ಕಡೆಯಿಂದ ಈ ಕಡೆಗೆ ನೇರ ಓಡಿದರೂ ಅದರ ಬಾಯನ್ನು ಬಾಲ ಮುಚ್ಚುತ್ತದೆ. ಇದನ್ನೇ 3 ಮಿಲಿಮೀಟರ್ ಕೆಳಗಿಟ್ಟಿದ್ದರೆ ಡ್ರಾಯರ್ ತೆರೆದಾಗಲೆಲ್ಲ ಪಕ್ಕದಲ್ಲಿ ತೂತು ಕಾಣುತ್ತಿತ್ತು.

ಬಾಲದ ಗುರುತಿಗೆ ಫ್ರೀಕ್ಯಾಡ್‌ನ ನಕ್ಷೆ ಬಿಡಿಸುವ TechDraw ಪುಟದಲ್ಲಿ 1:1 ಅಳತೆಯ ಪ್ರಿಂಟ್ ತೆಗೆದಿದ್ದೇನೆ. ಪಕ್ಕದಲ್ಲಿ 50 ಮಿಲಿಮೀಟರ್‌ನ ಒಂದು ಗೆರೆ ಹಾಕಿ, ಪ್ರಿಂಟ್ ಆದಮೇಲೆ ಸ್ಕೇಲ್ ಇಟ್ಟು ನೋಡಿ. ಪ್ರಿಂಟರ್ ಕೆಲವು ಸಲ ಸದ್ದಿಲ್ಲದೆ ಪುಟಕ್ಕೆ ತಕ್ಕಂತೆ ಕುಗ್ಗಿಸಿಬಿಡುತ್ತದೆ. ಈ ಕಾಗದ ಬಾಲಗಳಿಗೆ ಮಾತ್ರ ಬೇಕು. ಬಾಲಗಳ ನಡುವೆ ಕೂರುವ ಮುಂಭಾಗದ ಹಲ್ಲುಗಳನ್ನು, ಅಂದರೆ ಪಿನ್‌ಗಳನ್ನು, ಆಗಲೇ ಕೊಯ್ದಿಟ್ಟ ಬಾಲಗಳನ್ನೇ ಮೇಲಿಟ್ಟು ಗೀಚಿಕೊಳ್ಳಬೇಕು, ಯಾಕಂದರೆ ಕೈ ಗರಗಸ ಗೆರೆಯ ಮೇಲೆ ಅಷ್ಟು ಕರಾರುವಾಕ್ಕಾಗಿ ಹೋಗೋದಿಲ್ಲ.

ಮಾಡೆಲ್‌ಗೆ ಗೊತ್ತಿಲ್ಲದ್ದು ಮಳೆಗಾಲ. ಡ್ರಾಯರ್ ಬಾಯಿ 80, ಡ್ರಾಯರ್ 78 ಇಟ್ಟಿದ್ದು ಪಕ್ಕದ ಹಲಗೆಗಳು ಎತ್ತರದಲ್ಲಿ ಉಬ್ಬುತ್ತವೆ ಅಂತ. ಮೇಲಿನ ಹಲಗೆಯೂ ಅಗಲಕ್ಕೆ ಹಿಗ್ಗುತ್ತದೆ, ಅದಕ್ಕೇ ಅದನ್ನು ಪಟ್ಟಿಗೆ ಅಂಟಿಸೋದಿಲ್ಲ, ಉದ್ದ ತೂತಿನಲ್ಲಿ ಸ್ಕ್ರೂ ಹಾಕಿ ಹಿಡಿಸುತ್ತೇನೆ.

ಪಟ್ಟಿಗಳು ಈಗಷ್ಟೇ ಪ್ಲೇನಿಂಗ್ ಮೆಷಿನ್‌ನಿಂದ ಬಂದಿವೆ. ಕ್ಯಾಲಿಪರ್ ಇಟ್ಟರೆ 22 ಇಲ್ಲ, 21. rail_t ಚೌಕದಲ್ಲಿ 21 ಬರೆಯುತ್ತೇನೆ. ಟೆನನ್‌ನ ಭುಜ ಎರಡೂ ಕಡೆ ಆರೂವರೆಗೆ ಬಂತು, ಹೊರಗೋಡೆ ಎಂಟೂವರೆಗೆ. ನೇರ ಟೆನನ್‌ನ ಮಿತಿ ಇಪ್ಪತ್ತೆಂಟೂವರೆ, ನಮ್ಮ 27 ಅದರೊಳಗೇ ಇದೆ. ಆ ನಾಲ್ಕು ಸಾಲು ಮತ್ತೆ ಓಡಿಸಿದೆ, ಸೊನ್ನೆ. ಇನ್ನು ಗುರುತು ಹಾಕಬಹುದು.