ಪಕ್ಕದಲ್ಲಿ ನಿಂತರೆ ನೆಂಟನಾ? ಫೈಲೋಜೆನೆಟಿಕ್ ಟ್ರೀ ಓದುವ ಬಗೆ

[ಸ್ಕ್ರೀನ್: ರಂಗನತಿಟ್ಟಿನಲ್ಲಿ ದೋಣಿಯಿಂದ ತೆಗೆದ ವಿಡಿಯೋ. ಬಂಡೆ ಮೇಲೆ ಮೊಸಳೆ, ಹಿಂದಿನ ಮರದ ತುಂಬಾ ಕೊಕ್ಕರೆ]

ಈ ಮೊಸಳೆ ನೋಡಿ. ಅವತ್ತು ದೋಣಿಯಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗ ಅವನಮ್ಮನಿಗೆ, "ಅಮ್ಮಾ, ದೊಡ್ಡ ಹಲ್ಲಿ!" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಜಾಗದಲ್ಲಿ ಮೊಸಳೆಯ ಹತ್ತಿರದ ನೆಂಟ ಹಲ್ಲಿ ಅಲ್ಲ, ಹಿಂದೆ ಮರದ ಮೇಲೆ ಕೂತಿರುವ ಕೊಕ್ಕರೆ. ಹೋದ ವಿಡಿಯೋದಲ್ಲಿ ಇದನ್ನು ಹೇಳಿದ್ದಕ್ಕೆ ನಿಮ್ಮಲ್ಲಿ ತುಂಬಾ ಜನ ಒಂದೇ ಪ್ರಶ್ನೆ ಕೇಳಿದ್ದೀರಿ: "ಸರ್, ನಮ್ಮ ನೋಟ್ಸ್‌ನ ಚಿತ್ರದಲ್ಲಿ ಮೊಸಳೆ ಹಲ್ಲಿ ಪಕ್ಕದಲ್ಲೇ ಇದೆಯಲ್ಲಾ?"

ಇದೆ. ಪಕ್ಕದಲ್ಲಿದ್ದರೆ ಏನಾಯ್ತು?

ಬೇಸಿಕ್ಸ್ ಬೇಗ ಮುಗಿಸೋಣ. ಫೈಲೋಜೆನೆಟಿಕ್ ಟ್ರೀ ಅಂದರೆ ಯಾವ ಜೀವಿ ಯಾವುದಕ್ಕೆ ಎಷ್ಟು ಹತ್ತಿರದ ನೆಂಟ ಅಂತ ತೋರಿಸುವ ವಂಶವೃಕ್ಷ. ತುದಿಯಲ್ಲಿರುವುದು ಇವತ್ತಿನ ಜೀವಿ. ಎರಡು ಗೆರೆ ಸೇರುವ ಕವಲು, ಅಂದರೆ ನೋಡ್, ಅವೆರಡರ ಸಮಾನ ಪೂರ್ವಜ. ಬುಡಕ್ಕೆ ಹೋದಷ್ಟೂ ಹಿಂದಿನ ಕಾಲ. ಅಷ್ಟೇ, ಮುಂದೆ ಹೋಗೋಣ.

[ಸ್ಕ್ರೀನ್: ಟ್ರೀ. ತುದಿಗಳು ಎಡದಿಂದ ಬಲಕ್ಕೆ: ಹಸು, ಹಲ್ಲಿ, ಮೊಸಳೆ, ಕೊಕ್ಕರೆ]

ಕಂಪ್ಯೂಟರಿಗೆ ಇದೇ ಟ್ರೀಯನ್ನು ಹೀಗೆ ಬರೆದು ಕೊಡುತ್ತೇವೆ:

```
(ಹಸು,(ಹಲ್ಲಿ,(ಮೊಸಳೆ,ಕೊಕ್ಕರೆ)));
```

ಒಂದೇ ಬ್ರಾಕೆಟ್ಟಿನೊಳಗೆ ಇರುವವರು ಒಂದೇ ಮನೆಯವರು. ಮೊಸಳೆ, ಕೊಕ್ಕರೆ ಒಳಗಿನ ಕೋಣೆ. ಅವರ ಜೊತೆ ಹಲ್ಲಿ ನಡುಮನೆ. ಹಸು ಜಗುಲಿ ಮೇಲೆ.

ಈಗ ಪ್ರಶ್ನೆ. ಹಸುವಿಗೆ ಯಾರು ಹತ್ತಿರ, ಹಲ್ಲಿಯೋ ಕೊಕ್ಕರೆಯೋ? ಕ್ಲಾಸಿನಲ್ಲಿ ಕೇಳಿದಾಗಲೆಲ್ಲ "ಹಲ್ಲಿ" ಅನ್ನುವ ಉತ್ತರವೇ ಜಾಸ್ತಿ. ಕಾರಣ ಎರಡು. ಒಂದು, ಹಲ್ಲಿ ಪಕ್ಕದಲ್ಲಿದೆ. ಎರಡನೆಯದು ಸ್ವಲ್ಪ ಜಾಣರ ತಪ್ಪು: ಹಸುವಿನಿಂದ ಹಲ್ಲಿಗೆ ಹೋಗಲು ಎರಡೇ ನೋಡ್, ಕೊಕ್ಕರೆಗೆ ಮೂರು, ಹಾಗಾಗಿ ಕೊಕ್ಕರೆ ದೂರ ಅಂತ ಎಣಿಸಿಬಿಡುತ್ತಾರೆ. ನಾನೂ ಬಿಎಸ್ಸಿಯಲ್ಲಿ ಹೀಗೇ ಎಣಿಸಿ ಮಾರ್ಕ್ಸ್ ಕಳೆದುಕೊಂಡವನು, ಅದಕ್ಕೇ ಇಷ್ಟು ಸಿಟ್ಟು.

[ಸ್ಕ್ರೀನ್: ಮದುವೆಯ ಗ್ರೂಪ್ ಫೋಟೋ]

ಮದುವೆ ಫೋಟೋ ನೆನಪು ಮಾಡಿಕೊಳ್ಳಿ. ಫೋಟೋಗ್ರಾಫರ್ "ಸ್ವಲ್ಪ ಒಳಗೆ ಬನ್ನಿ, ಇನ್ನೂ ಸ್ವಲ್ಪ" ಅಂತ ಎಲ್ಲರನ್ನೂ ಒತ್ತಿ ನಿಲ್ಲಿಸಿದ್ದಾನೆ. ನನ್ನ ಎಡಕ್ಕೆ ಅಜ್ಜನ ತಮ್ಮನ ಮೊಮ್ಮಗ. ಚಿಕ್ಕಪ್ಪನ ಮಗ ಆ ತುದಿಯಲ್ಲಿ ಎಲ್ಲೋ ಕತ್ತು ಉದ್ದ ಮಾಡಿಕೊಂಡು ನಿಂತಿದ್ದಾನೆ. ಯಾರು ನನಗೆ ಹತ್ತಿರ ಅಂತ ಫೋಟೋದಲ್ಲಿ ಸ್ಕೇಲ್ ಇಟ್ಟು ಅಳೆಯುತ್ತೀರಾ? ಇಲ್ಲ. ಹಿಂದಕ್ಕೆ ಹೋಗುತ್ತೀರಿ. ಚಿಕ್ಕಪ್ಪನ ಮಗನೂ ನಾನೂ ಅಜ್ಜನ ಹತ್ತಿರ ಸೇರುತ್ತೇವೆ. ಇನ್ನೊಬ್ಬನ ಜೊತೆ ಸೇರಬೇಕಾದರೆ ಮುತ್ತಜ್ಜನವರೆಗೆ ಹೋಗಬೇಕು. ಯಾರ ಜೊತೆ ಬೇಗ ಸೇರುತ್ತೇವೋ ಅವರೇ ಹತ್ತಿರ.

ಇನ್ನೊಂದು ಮಜಾ ಇದೆ. ಆ ಅಜ್ಜನ ತಮ್ಮನ ಮೊಮ್ಮಗನಿಗೆ ನಾನು ಹತ್ತಿರವೋ, ನನ್ನ ಚಿಕ್ಕಪ್ಪನ ಮಗ ಹತ್ತಿರವೋ? ಇಬ್ಬರೂ ಒಂದೇ. ಇಬ್ಬರೂ ಅವನನ್ನು ಮುತ್ತಜ್ಜನ ಹತ್ತಿರವೇ ಸೇರುವುದು. ನಮ್ಮ ಕಡೆ ಮನೆ ತುಂಬಾ ಮಕ್ಕಳಾಗಿ ಹತ್ತು ಕವಲು ಒಡೆದಿದ್ದರೂ ಅವನಿಗೆ ನಾವು ದೂರ ಆಗುವುದಿಲ್ಲ, ಅವನಿಗೆ ನೆನಪಿಡಬೇಕಾದ ಹೆಸರುಗಳು ಜಾಸ್ತಿ ಆಗುತ್ತವೆ ಅಷ್ಟೇ.

ಈಗ ಟ್ರೀಗೆ ವಾಪಸ್. ಹಸು ಮತ್ತು ಹಲ್ಲಿ ಸೇರುವುದು ಬುಡದ ನೋಡಿನಲ್ಲಿ, ಸುಮಾರು 32 ಕೋಟಿ ವರ್ಷ ಹಿಂದೆ. ಹಸು ಮತ್ತು ಕೊಕ್ಕರೆ? ಅದೇ ನೋಡ್. ಹಸು ಮತ್ತು ಮೊಸಳೆ? ಅದೇ. ಮೂವರೂ ಹಸುವಿಗೆ ಸಮಾನ ದೂರ. ಮೊಸಳೆ ಮತ್ತು ಕೊಕ್ಕರೆ ಸೇರುವುದು ಮಾತ್ರ ಎಲ್ಲಕ್ಕಿಂತ ಈಚೆ, ಸುಮಾರು 25 ಕೋಟಿ ವರ್ಷ ಹಿಂದೆ. ಹಲ್ಲಿಯ ಗೆರೆ ಅದಕ್ಕೂ ಮೊದಲೇ ಕವಲೊಡೆದು ಹೋಗಿತ್ತು.

[ಸ್ಕ್ರೀನ್: ನೋಡ್‌ಗಳು ಒಂದೊಂದಾಗಿ ತಿರುಗುತ್ತವೆ]

ಹಾಗಾದರೆ ಪಕ್ಕ ಅನ್ನುವುದು ಎಲ್ಲಿಂದ ಬಂತು? ಬರೆದವರ ಕೈಯಿಂದ. ಪ್ರತಿ ನೋಡನ್ನೂ ಬಾಗಿಲ ತಿರುಗಣಿ ಥರ ತಿರುಗಿಸಬಹುದು. ಎಡದ್ದು ಬಲಕ್ಕೆ ಹೋಗುತ್ತದೆ, ಸಂಬಂಧ ಬದಲಾಗುವುದಿಲ್ಲ. ನಮ್ಮ ಟ್ರೀಯಲ್ಲಿ ಮೂರು ನೋಡ್ ಇವೆ, ಒಂದೊಂದಕ್ಕೂ ಎರಡು ರೀತಿ. ಎರಡನ್ನು ಮೂರು ಸಲ ಗುಣಿಸಿದರೆ ಎಂಟು ಚಿತ್ರ. ಎಂಟೂ ಒಂದೇ ಟ್ರೀ. ನಾನು ಕೂತು ಎಂಟನ್ನೂ ಬರೆದೆ, ಭಾನುವಾರ ಬೇರೆ ಕೆಲಸ ಇರಲಿಲ್ಲ. ನಾಲ್ಕರಲ್ಲಿ ಹಸುವಿನ ಪಕ್ಕ ಹಲ್ಲಿ ಬಂತು, ಎರಡರಲ್ಲಿ ಮೊಸಳೆ, ಎರಡರಲ್ಲಿ ಕೊಕ್ಕರೆ. ಅಂದರೆ ನಿಮ್ಮ ನೋಟ್ಸ್ ಬರೆದವರು ಬೇರೆ ಚಿತ್ರ ಆರಿಸಿದ್ದರೆ ನೀವು ಪರೀಕ್ಷೆಯಲ್ಲಿ "ಹಸುವಿಗೆ ಕೊಕ್ಕರೆ ಹತ್ತಿರ" ಅಂತ ಬರೆದು ಬರುತ್ತಿದ್ದಿರಿ! ಟ್ರೀ ತೋರಿಸುವ FigTree ಸಾಫ್ಟ್‌ವೇರ್ ಇದ್ದರೆ ಒಂದು ನೋಡ್ ಆರಿಸಿ Rotate ಒತ್ತಿ ನೋಡಿ, ಕಣ್ಣೆದುರೇ ತಿರುಗುತ್ತದೆ.

ಇಲ್ಲಿ ನನ್ನದೊಂದು ದೂರು. ಎಷ್ಟೋ ಪುಸ್ತಕಗಳಲ್ಲಿ ಎಡಕ್ಕೆ ಮೀನು, ಬಲತುದಿಗೆ ಮನುಷ್ಯ. ತಿರುಗಿಸಿ ಮನುಷ್ಯನನ್ನು ನಡುವೆ ಹಾಕಿದರೂ ಟ್ರೀ ಅದೇ. ಆದರೆ ಯಾರೂ ಹಾಕುವುದಿಲ್ಲ, ನೋಡಿದವರಿಗೆ ಏಣಿ ಹತ್ತಿ ಮೇಲೆ ಬಂದ ಹಾಗೆ ಕಾಣಬೇಕಲ್ಲ.

ಸರಿ, ಹಲ್ಲಿ ಥರ ಕಾಣುವ ಮೊಸಳೆಯನ್ನು ಕೊಕ್ಕರೆಗೆ ಹೇಗೆ ಸೇರಿಸಿದರು? ನನಗೆ ತುಂಬಾ ಇಷ್ಟವಾದದ್ದು ಹೃದಯದ ಕಥೆ. ಹಲ್ಲಿಯ ಹೃದಯಕ್ಕೆ ಮೂರು ಕೋಣೆ. ಮೊಸಳೆಗೆ ನಾಲ್ಕು, ಕೊಕ್ಕರೆಗೂ ನಾಲ್ಕು. ಖುಷಿ ಆಯ್ತಾ? ನಿಲ್ಲಿ, ಹಸುವಿಗೂ ನಾಲ್ಕು. ಕೋಣೆ ಎಣಿಸಿ ಟ್ರೀ ಮಾಡಿದರೆ ಹಸು ಬಂದು ಮೊಸಳೆ ಪಕ್ಕ ಕೂರುತ್ತದೆ, ಹಲ್ಲಿ ಜಗುಲಿಗೆ. ಈಗ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಅಯೋರ್ಟಾ ನೋಡಿ. ಹಸುವಿನಲ್ಲಿ ಅದು ಎಡಕ್ಕೆ ಬಾಗುತ್ತದೆ. ಕೊಕ್ಕರೆಯಲ್ಲಿ ಬಲಕ್ಕೆ. ಮೊಸಳೆಯಲ್ಲಿ ಎರಡೂ ಉಳಿದಿವೆ. ಹೊರಗಿನಿಂದ ಒಂದೇ ಥರದ ನಾಲ್ಕು ಕೋಣೆಯ ಮನೆ, ಕೊಳಾಯಿ ಎಳೆದಿರುವುದು ಬೇರೆ ಕಡೆಯಿಂದ. ಕಟ್ಟಿದ ಮೇಸ್ತ್ರಿಗಳೇ ಬೇರೆ. ಹಸುವಿನ ವಂಶ ಒಮ್ಮೆ, ಮೊಸಳೆ-ಕೊಕ್ಕರೆ ವಂಶ ಇನ್ನೊಮ್ಮೆ, ನಾಲ್ಕು ಕೋಣೆಗೆ ಬೇರೆ ಬೇರೆಯಾಗಿ ಬಂದಿವೆ. ಅದಕ್ಕೇ ಒಂದು ಲಕ್ಷಣ ಹಿಡಿದು ಟ್ರೀ ಕಟ್ಟುವುದಿಲ್ಲ. ತಲೆಬುರುಡೆಯ ಪಳೆಯುಳಿಕೆ, ಡಿಎನ್‌ಎ ಎಲ್ಲ ಸೇರಿಸಿ ನೋಡುತ್ತಾರೆ, ಅವು ಮೊಸಳೆ-ಕೊಕ್ಕರೆ ಜೋಡಿಯನ್ನೇ ತೋರಿಸುತ್ತವೆ.

ಟೈಮ್ ಓಡುತ್ತಿದೆ, ಉಳಿದದ್ದು ಒಟ್ಟಿಗೆ ಹೇಳಿಬಿಡುತ್ತೇನೆ. ಮೊಸಳೆಯಿಂದ ಕೊಕ್ಕರೆ ಬಂತು ಅಂತ ಬರೆಯಬೇಡಿ. ಎರಡೂ ತುದಿಗಳೇ, ಇಬ್ಬರಿಗೂ ಆ 25 ಕೋಟಿ ವರ್ಷ ಅಷ್ಟೇ ಕಳೆದಿದೆ, ಚಿಕ್ಕಪ್ಪನ ಮಗ ನನ್ನ ಅಜ್ಜ ಅಲ್ಲವಲ್ಲ. ಗೆರೆಯ ಉದ್ದಕ್ಕೆ ಅರ್ಥ ಇರುವುದು ಕೆಳಗೆ ಸ್ಕೇಲ್ ಕೊಟ್ಟಿದ್ದರೆ ಮಾತ್ರ, ಇಲ್ಲದಿದ್ದರೆ ಅದು ಜಾಗ ಹೊಂದಿಸಲು ಎಳೆದ ಗೆರೆ. ಇನ್ನು ಕ್ಲೇಡ್, ಅಂದರೆ ಒಬ್ಬ ಪೂರ್ವಜ ಮತ್ತು ಅವನ ವಂಶದವರೆಲ್ಲ ಇರುವ ಗುಂಪು. ಒಂದು ಗುಂಪು ಕ್ಲೇಡ್ ಹೌದೋ ಅಲ್ಲವೋ ನೋಡಲು ಕತ್ತರಿ ಹಿಡಿಯಿರಿ. ಒಂದೇ ಕಡೆ ಕತ್ತರಿಸಿದಾಗ ಗುಂಪು ಪೂರ್ತಿ ಕೈಗೆ ಬರಬೇಕು, ಬೇರೆಯವರು ಬರಬಾರದು. ಹಲ್ಲಿ ಮತ್ತು ಮೊಸಳೆಯನ್ನು ಒಟ್ಟಿಗೆ ಕತ್ತರಿಸಿ ನೋಡಿ, ಕೊಕ್ಕರೆಯೂ ಜೊತೆಗೇ ಬರುತ್ತದೆ. "ಪಕ್ಷಿ ಬಿಟ್ಟು ಸರೀಸೃಪ" ಅನ್ನುವ ಹಳೇ ಗುಂಪಿನ ತೊಂದರೆ ಇದೇ.

[ಸ್ಕ್ರೀನ್: ಅದೇ ಟ್ರೀ. ಮೊಸಳೆ-ಕೊಕ್ಕರೆ ಜೋಡಿಯ ಬುಡದ ಗೆರೆ ಮೇಲೆ ಒಂದು ಹೊಸ ಕವಲು]

ನಿಮಗೊಂದು ಕೆಲಸ. ಆಮೆ ಸೇರಿಸಬೇಕು. ಜೀನೋಮ್ ನೋಡಿದವರು ಅದನ್ನು ಅಂಟಿಸುವುದು ಇಲ್ಲಿ, ಹಲ್ಲಿ ಕವಲೊಡೆದ ಮೇಲೆ, ಮೊಸಳೆ-ಕೊಕ್ಕರೆ ಬೇರೆಯಾಗುವ ಮೊದಲು. ಈಗ ಹೇಳಿ, ಆಮೆಗೆ ಹತ್ತಿರ ಯಾರು, ಹಲ್ಲಿಯೋ ಕೊಕ್ಕರೆಯೋ? ಈ ಟ್ರೀಯನ್ನು ಎಷ್ಟು ರೀತಿ ತಿರುಗಿಸಿ ಬರೆಯಬಹುದು? ಎರಡಕ್ಕೂ ಉತ್ತರ ಕಾಮೆಂಟಿನಲ್ಲಿ ಹಾಕಿ. ಬ್ರಾಕೆಟ್ಟಿನಲ್ಲಿ ಬರೆದು ತೋರಿಸಿದವರ ಉತ್ತರವನ್ನು ಪಿನ್ ಮಾಡುತ್ತೇನೆ.