ರಾತ್ರಿ ನೀರು ಕುಡಿಯದವರು

ಕೇಳುಗರಿಗೆ ನಮಸ್ಕಾರ.

ಅಂಗವಿಕಲರ ಮನೆಗೆ ಹೋಗಿ ಏನು ಬೇಕು ಅಂತ ಕೇಳಿದರೆ ಹೆಚ್ಚಿನವರು ವೀಲ್‌ಚೇರ್ ಎನ್ನುತ್ತಾರೆ. ಕ್ಯಾಂಪಿನಲ್ಲಿ ಕೊಡೋದನ್ನು ನೋಡಿರುವುದು ಅದನ್ನೇ, ಅಲ್ವಾ? ಅದಕ್ಕೇ ನಾನು ಹಾಗೆ ಕೇಳುವುದಿಲ್ಲ. ನಿನ್ನೆ ಬೆಳಿಗ್ಗೆಯಿಂದ ಇವತ್ತು ಬೆಳಿಗ್ಗೆವರೆಗೆ ಏನೇನಾಯಿತು ಹೇಳಿ ಎನ್ನುತ್ತೇನೆ. ರಾತ್ರಿಯನ್ನೂ ಬಿಡುವಂತಿಲ್ಲ.

ಚಿತ್ತಾಪುರ ಕಡೆಯ ಒಂದು ಮನೆ. ಗಂಡನಿಗೆ ಲಕ್ವಾ ಹೊಡೆದು ಎಡಭಾಗ ಬಿದ್ದಿದೆ. ವೀಲ್‌ಚೇರ್ ಇದೆ, ಅದರ ಮೇಲೆ ಜೋಳದ ಚೀಲ ಕೂತಿದೆ! ಪಾಯಖಾನೆ ಬಾಗಿಲು 24 ಇಂಚು, ಕುರ್ಚಿಯ ಅಗಲ 26. ಕೊಡುವ ಮೊದಲು ಯಾರೂ ಟೇಪ್ ಹಿಡಿದಿಲ್ಲ.

ಹೆಂಡತಿ ಹೇಳಿದ್ದು, "ಎತ್ತಿ ಎತ್ತಿ ನನ್ನ ಸೊಂಟನೇ ಹೋಗ್ಯಾದ್ರೀ." ಅವರು ನೀರು ತರಲು ಹೋದಾಗ ಗಂಡ ಬೇರೆಯೇ ಹೇಳಿದರು: "ಸಂಜಿ ಆದಮ್ಯಾಲ ನಾ ನೀರೇ ಕುಡಿಯಲ್ಲರೀ, ರಾತ್ರಿ ಆಕಿಗಿ ಏಳಸ್ಬೇಕಾಗ್ತದ." ನಮ್ಮ ಕಲಬುರಗಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಇಂಥದ್ದರಲ್ಲಿ ನೀರು ಬಿಟ್ಟರೆ ಮೂತ್ರದ ಸೋಂಕು, ಮಲಬದ್ಧತೆ ಬರುವುದು ಸುಲಭ. ಮೂತ್ರ ಕಡು ಹಳದಿಯಾಗಿ ಉರಿ ಶುರುವಾದರೆ ಡಾಕ್ಟರಿಗೆ ತೋರಿಸಲೇಬೇಕು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿದ್ದರೆ ಈ ಮಾತು ಹೊರಗೆ ಬರುತ್ತಿರಲಿಲ್ಲ.

ಹಾಗಾಗಿ ಮೊದಲು ಬೇಕಾದದ್ದು ಮುಚ್ಚಳವಿರುವ ಮೂತ್ರದ ಬಾಟಲಿ. ಬಲಗೈಗೆ ಸಿಗುವ ಹಾಗೆ ಮಂಚದ ಬಲಕ್ಕೆ ಒಂದು ಬಟ್ಟೆ ಚೀಲ ಹೊಲಿದು ಅದರಲ್ಲಿಡುವುದು, ಅಷ್ಟೇ. ಎಡಕ್ಕಿಟ್ಟರೆ ಮತ್ತೆ ಹೆಂಡತಿಯನ್ನೇ ಕೂಗಬೇಕು.

ಎರಡನೆಯದು ಕಮೋಡ್ ಕುರ್ಚಿ. ಇದಕ್ಕೆ ಅಳತೆ ಮುಖ್ಯ. ಇವರ ಮಂಚ 14 ಇಂಚು, ಕುರ್ಚಿ 18. ಅಂದರೆ ಪ್ರತಿ ಸಲ ತಗ್ಗಿನಿಂದ ಎತ್ತರಕ್ಕೆ ಏಳಬೇಕು, ಆಕೆಯ ಸೊಂಟ ಹೋದದ್ದೂ ಇಷ್ಟು ತಗ್ಗಿನ ಮಂಚದಿಂದ ಎತ್ತಿ ಎತ್ತಿಯೇ. ಬಡಿಗ ಮಂಚದ ಕಾಲಿಗೆ 4 ಇಂಚಿನ ಕಟ್ಟಿಗೆ ತುಂಡು ಕೊಟ್ಟರು, ಕಾಲು ಜಾರದಂತೆ ತುಂಡಿನೊಳಗೆ ಕುಳಿ ತೋಡಿ. ಕೂತಾಗ ಪಾದ ಪೂರಾ ನೆಲಕ್ಕೆ ತಾಗಬೇಕು. ಹಿಮ್ಮಡಿ ಮೇಲಿದ್ದರೆ ಎತ್ತರ ಜಾಸ್ತಿ ಆಯಿತು ಅಂತಲೇ ಅರ್ಥ. ಕುರ್ಚಿಯನ್ನು ಶಕ್ತಿ ಇರುವ ಬದಿಗೆ, ಇವರಿಗೆ ಬಲಕ್ಕೆ, ಇಡಬೇಕು. ಎಬ್ಬಿಸುವಾಗ ಬಿದ್ದ ಕೈಯನ್ನು ಮಾತ್ರ ಎಳೆಯಬಾರದು, ಭುಜದ ಕೀಲು ಜಾರಬಹುದು. ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿ ಅದನ್ನು ಹಿಡಿಯಬೇಕು. ಕೂತರೆ ಪಕ್ಕಕ್ಕೆ ವಾಲಿ ಬೀಳುವವರಿಗೆ ಈ ವ್ಯವಸ್ಥೆ ಆಗುವುದಿಲ್ಲ, ಅವರಿಗೆ ಇಬ್ಬರು ಬೇಕು.

ನಮ್ಮ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ ಬೇರೆ. ಒದ್ದೆಯಾದರೆ ಜಾರುತ್ತದೆ, ಹಾಗಾಗಿ ಚಕ್ರವಿಲ್ಲದ, ಕಾಲಿಗೆ ರಬ್ಬರ್ ಬುಶ್ ಇರುವ ಕುರ್ಚಿಯೇ ಒಳ್ಳೆಯದು. ಬುಶ್ ಸವೆದು ಕಬ್ಬಿಣ ಕಂಡರೆ ಅವತ್ತೇ ಬದಲಿಸಿ.

ನನ್ನ ಕೇಳಿದರೆ ಇಲ್ಲಿ ಕೊರತೆ ಇರುವುದು ಸಾಮಾನಿಗಲ್ಲ, ಅಳತೆ ಮಾಡುವವರಿಗೆ. ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಕೊಡುವ ಮೊದಲು ಒಮ್ಮೆ ಟೇಪ್ ಹಿಡಿದು ಮನೆಗೆ ಬನ್ನಿ, ಕೊಟ್ಟು ಎರಡು ವಾರವಾದ ಮೇಲೆ ಇನ್ನೊಮ್ಮೆ ಬನ್ನಿ ಅಂತ ಅವರನ್ನು ಕೇಳಿ. ಎರಡನೇ ಸಲ ಬಂದಾಗ ಕುರ್ಚಿಯ ಮೇಲೆ ಚೀಲ ಕೂತಿದೆಯೋ ಮನುಷ್ಯರೋ ಅಂತ ನೋಡಿದರೆ ಸಾಕು, ಅಳತೆ ತಪ್ಪಿದ್ದು ಗೊತ್ತಾಗುತ್ತದೆ.