ಡಿಗ್ರಿ ಬರೀ ಕಾಗದ ಅನ್ನುವವರಿಗೆ ಒಂದು ಲೆಕ್ಕ

ಎಲ್ಲರಿಗೂ ನಮಸ್ಕಾರ. ಕಳೆದ ವಿಡಿಯೋ ಕೆಳಗೆ ಒಬ್ಬರು ಹೀಗೆ ಬರೆದಿದ್ದಾರೆ: "ಗುರೂ, ಡಿಗ್ರಿ ಅಂದ್ರೆ ಬರೀ ಕಾಗದ. ನಾಲ್ಕು ವರ್ಷ ಓದಿದ್ದು ಒಂದೂ ಕೆಲಸಕ್ಕೆ ಬಂದಿಲ್ಲ. ಸ್ಕಿಲ್ ಇದ್ರೆ ಸಾಕು." ಕೆಳಗೆ ಸಾಲುಸಾಲಾಗಿ ಲೈಕು. ಓದಿ ನನಗೆ ಮೈಯೆಲ್ಲ ಉರಿಯಿತು. ಓದಿದ್ದು ಕೆಲಸಕ್ಕೆ ಬಂದಿಲ್ಲ ಅನ್ನುವ ಅವರ ಮಾತು ನಿಜ, ಆದರೆ ಅದರಿಂದ ಅವರು ಎಳೆದ ತೀರ್ಮಾನ ಪೂರ್ತಿ ತಪ್ಪು. ಈ ತಪ್ಪನ್ನು ನಂಬಿ ಮೂರನೇ ವರ್ಷದಲ್ಲಿ ಬಿ.ಇ. ಬಿಡುವ ಹುಡುಗರಿದ್ದಾರೆ. ಅದಕ್ಕೇ ಇವತ್ತಿನ ವಿಡಿಯೋ.

ನೇಮಕಾತಿ ಹೇಗೆ ನಡೆಯುತ್ತದೆ ನೋಡಿ. ಎಲೆಕ್ಟ್ರಾನಿಕ್ ಸಿಟಿಯ ಒಂದು ಆಫೀಸು. ಎಚ್‌ಆರ್ ಮುಂದೆ ಒಂದು ಎಕ್ಸೆಲ್ ಶೀಟ್. ಅದರಲ್ಲಿ ಸಾವಿರಾರು ಹೆಸರು. ಪಕ್ಕದ ಕಾಲಮ್ಮುಗಳಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಇ. ಶೇಕಡಾವಾರು ಅಂಕ, ಕೊನೆಯ ಕಾಲಮ್ಮಿನಲ್ಲಿ ಪಾಸಾಗದೆ ಉಳಿದ ಪೇಪರು, ಅಂದರೆ ಬ್ಯಾಕ್‌ಲಾಗ್. ಅವರು ಫಿಲ್ಟರ್ ಒತ್ತುತ್ತಾರೆ. ಮೂರರಲ್ಲೂ 60 ಮತ್ತು ಮೇಲೆ, ಬ್ಯಾಕ್‌ಲಾಗ್ ಸೊನ್ನೆ. ಶೀಟ್ ಅರ್ಧಕ್ಕರ್ಧ ಖಾಲಿ. 59.8 ಬಂದ ಹುಡುಗಿ ಕಣ್ಣೆದುರೇ ಮಾಯ. ಅವಳು ಕೋಡ್ ಬರೆಯಬಲ್ಲಳೋ ಇಲ್ಲವೋ ಯಾರೂ ನೋಡಲಿಲ್ಲ.

ಅನ್ಯಾಯ ಅಲ್ವಾ? ಹೌದು. ಆದರೆ ಆ ಎಚ್‌ಆರ್ ಜಾಗದಲ್ಲಿ ಒಂದು ನಿಮಿಷ ಕೂತು ನೋಡಿ. ಯಾರು ಬೇಗ ಕಲಿಯುತ್ತಾರೆ, ಯಾರು ಬೇಸರದ ಕೆಲಸವನ್ನೂ ಮುಗಿಸುತ್ತಾರೆ, ಯಾರು ಒತ್ತಡದಲ್ಲಿ ಕೈಬಿಡುತ್ತಾರೆ ಎಂಬುದು ಹಣೆಯ ಮೇಲೆ ಬರೆದಿರುವುದಿಲ್ಲ. ಕೆಲಸಕ್ಕೆ ತೆಗೆದುಕೊಂಡು ಒಂದೆರಡು ವರ್ಷ ಆದ ಮೇಲೆ ಮಾತ್ರ ಗೊತ್ತಾಗುತ್ತದೆ. ಅಲ್ಲಿಯವರೆಗೆ ಸಂಬಳ ಕೊಡಲೇಬೇಕು. ಹಾಗಾಗಿ ಕಾಣದ್ದನ್ನು ಊಹಿಸಲು ಕಾಣುವ ಏನೋ ಒಂದು ಬೇಕು. ಅದಕ್ಕೇ ಸಿಗ್ನಲ್ ಅನ್ನುವುದು.

ಇದನ್ನು ಲೆಕ್ಕ ಹಾಕಿ ತೋರಿಸಿದವರು ಮೈಕೆಲ್ ಸ್ಪೆನ್ಸ್. 1973ರಲ್ಲಿ ಉದ್ಯೋಗ ಮಾರುಕಟ್ಟೆಯ ಸಿಗ್ನಲ್ ಬಗ್ಗೆ ಒಂದು ಪ್ರಬಂಧ ಬರೆದರು. 2001ರಲ್ಲಿ ಅಕರ್‌ಲಾಫ್, ಸ್ಟಿಗ್ಲಿಟ್ಸ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಅವರ ಮಾತಿನ ತಿರುಳು ಇಷ್ಟೇ, ದಯವಿಟ್ಟು ಗಮನ ಕೊಟ್ಟು ಕೇಳಿ: ಒಂದು ಡಿಗ್ರಿ ಸಿಗ್ನಲ್ ಆಗಬೇಕಾದರೆ ಅದು ಕಷ್ಟ ಇದ್ದರೆ ಸಾಲದು. ಕೈಲಾಗುವವರಿಗೆ ಕಡಿಮೆ ಕಷ್ಟ, ಕೈಲಾಗದವರಿಗೆ ಜಾಸ್ತಿ ಕಷ್ಟ ಇರಬೇಕು. ಆ ವ್ಯತ್ಯಾಸವೇ ಸಿಗ್ನಲ್ಲು.

ಲೆಕ್ಕ ಮಾಡೋಣ. ಅಂಕಿ ನಾನೇ ಇಟ್ಟುಕೊಂಡದ್ದು, ಸುಲಭ ಆಗಲಿ ಅಂತ. ಕಾವ್ಯ ಮತ್ತು ರಮೇಶ. ಕಾವ್ಯಳ ಕೆಲಸದಿಂದ ಕಂಪನಿಗೆ ವರ್ಷಕ್ಕೆ 6 ಲಕ್ಷ ಹುಟ್ಟುತ್ತದೆ, ರಮೇಶನದ್ದರಿಂದ 3 ಲಕ್ಷ. ಅಂಥವರು ಊರಿನಲ್ಲಿ ಅರ್ಧ ಅರ್ಧ ಇದ್ದಾರೆ. ಯಾರು ಯಾರು ಅಂತ ಕಂಪನಿಗೆ ಗೊತ್ತಾಗದಿದ್ದರೆ ಎಲ್ಲರಿಗೂ ಸರಾಸರಿ 4.5 ಲಕ್ಷ ಕೊಡುತ್ತದೆ. ಈಗ ಕಂಪನಿ "ಡಿಗ್ರಿ ಇದ್ದರೆ 6, ಇಲ್ಲದಿದ್ದರೆ 3" ಅನ್ನುತ್ತದೆ. ಮೊದಲ ಐದು ವರ್ಷ ಮಾತ್ರ ಎಣಿಸಿದರೆ ಡಿಗ್ರಿಯಿಂದ 15 ಲಕ್ಷ ಜಾಸ್ತಿ ಸಿಗುತ್ತದೆ. ಕಾವ್ಯಳಿಗೆ ಡಿಗ್ರಿಯ ಖರ್ಚು ಫೀಸು, ಬಿಟ್ಟ ಸಂಬಳ, ನಿದ್ದೆಗೆಟ್ಟ ರಾತ್ರಿ ಎಲ್ಲ ಸೇರಿ 10 ಲಕ್ಷಕ್ಕೆ ಸಮ. ರಮೇಶನಿಗೆ ಗಣಿತದ ಎಂ-ಥ್ರೀ ಪೇಪರು ಮೂರು ಸಲ, ಟ್ಯೂಷನ್, ಎರಡು ವರ್ಷ ಹೆಚ್ಚುವರಿ, ಮನೆಯಲ್ಲಿ ಬೈಗುಳ, ಎಲ್ಲ ಸೇರಿ 20 ಲಕ್ಷ. ಕಾವ್ಯ 10 ಹಾಕಿ 15 ಪಡೆಯುತ್ತಾಳೆ, ಓದುತ್ತಾಳೆ. ರಮೇಶ 20 ಹಾಕಿ 15 ಪಡೆಯುವುದಿಲ್ಲ, ಓದುವುದಿಲ್ಲ. ಕಂಪನಿ ಏನು ನಂಬಿತ್ತೋ ಅದೇ ಆಯಿತು. ಡಿಗ್ರಿ ಇರುವವಳು ನಿಜವಾಗಲೂ ಕೈಲಾಗುವವಳು. ಈ ಇಡೀ ಲೆಕ್ಕದಲ್ಲಿ ಕಾಲೇಜು ಯಾರಿಗೂ ಒಂದಕ್ಷರ ಕಲಿಸಿಲ್ಲ, ಗಮನಿಸಿದಿರಾ?

ಅದಕ್ಕೇ "ಓದಿದ್ದು ಕೆಲಸಕ್ಕೆ ಬಂದಿಲ್ಲ" ಅನ್ನುವುದು ಡಿಗ್ರಿ ವಿರುದ್ಧದ ವಾದವೇ ಅಲ್ಲ.

ಇನ್ನೊಂದು ವಿಷಯ ಇದೇ ಲೆಕ್ಕದಲ್ಲಿದೆ, ಯಾರೂ ಹೇಳುವುದಿಲ್ಲ. ಡಿಗ್ರಿ ಅನ್ನುವುದೇ ಇಲ್ಲದಿದ್ದರೆ ಕಾವ್ಯಳಿಗೆ ಐದು ವರ್ಷಕ್ಕೆ ನಾಲ್ಕೂವರೆಯಂತೆ 22.5 ಲಕ್ಷ. ಡಿಗ್ರಿ ಮಾಡಿದ ಮೇಲೆ 30 ಬರುತ್ತದೆ, ಖರ್ಚು 10 ಕಳೆದರೆ 20. ಅಂದರೆ ಗೆದ್ದವಳೇ ಎರಡೂವರೆ ಲಕ್ಷ ಕಳೆದುಕೊಂಡಳು! ಹಾಗಂತ ಅವಳೊಬ್ಬಳೇ ಬಿಡುವಂತಿಲ್ಲ. ಬಿಟ್ಟರೆ ರಮೇಶನ ಸಾಲಿಗೆ ಸೇರಿಸಿ 3 ಲಕ್ಷದಂತೆ ಐದು ವರ್ಷಕ್ಕೆ 15 ಕೊಡುತ್ತಾರೆ. ಕಾವ್ಯಳಂಥ ಒಬ್ಬೊಬ್ಬರಿಗೂ ಓದುವುದೇ ಸರಿ, ಎಲ್ಲರೂ ಸೇರಿ ನೋಡಿದರೆ ನಷ್ಟ. ಸ್ಪೆನ್ಸ್ ಇದನ್ನೂ ಹೇಳಿದ್ದಾರೆ. ಮೂರನೇ ವರ್ಷದಲ್ಲಿ ಕಾಲೇಜು ಬಿಡಲು ಹೊರಟ ತಮ್ಮಂದಿರೇ, ವ್ಯವಸ್ಥೆ ದಂಡ ಅನ್ನುವುದು ಬೇರೆ, ನೀವೊಬ್ಬರು ಬಿಡುವುದು ಬೇರೆ.

ಈಗ ಬರುತ್ತದೆ ಮಾಮೂಲಿ ಪ್ರಶ್ನೆ: "ಹಾಗಾದರೆ ಕಾಲೇಜಿನಲ್ಲಿ ಏನೂ ಕಲಿಯುವುದಿಲ್ವಾ ಸಾರ್?" ಕಲಿಯುತ್ತಾರೆ ಸ್ವಾಮಿ. ಡಾಕ್ಟರ್ ಕಲಿತದ್ದನ್ನೇ ಮಾಡುತ್ತಾರೆ. ನಾನು ಮಾತಾಡುತ್ತಿರುವುದು ನಮ್ಮ ಬೆಂಗಳೂರಿನ ಫ್ರೆಶರ್ ಬಗ್ಗೆ. ಥರ್ಮೋಡೈನಮಿಕ್ಸ್ ಓದಿದ ಮೆಕ್ಯಾನಿಕಲ್ ಹುಡುಗ, ಕಾಂಕ್ರೀಟ್ ಓದಿದ ಸಿವಿಲ್ ಹುಡುಗಿ, ಇಬ್ಬರೂ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಅಕ್ಕಪಕ್ಕದ ಸೀಟು. ಕಂಪನಿ ಅವರನ್ನು ತೆಗೆದುಕೊಂಡು, ತಿಂಗಳುಗಟ್ಟಲೆ ತಾನೇ ಜಾವಾ ಕಲಿಸುತ್ತದೆ. ಇನ್ಫೋಸಿಸ್ ಮೈಸೂರಿನಲ್ಲಿ ಅಷ್ಟು ದೊಡ್ಡ ತರಬೇತಿ ಕ್ಯಾಂಪಸ್ ಕಟ್ಟಿದ್ದು ಯಾಕೆ ಮತ್ತೆ? ಕಂಪನಿಗೆ ಬೇಕಾಗಿದ್ದು ಆ ಹುಡುಗನ ಥರ್ಮೋಡೈನಮಿಕ್ಸ್ ಅಲ್ಲ. ಅದನ್ನು ಪಾಸು ಮಾಡಿದವನು ಜಾವಾ ಕೂಡ ಕಲಿಯುತ್ತಾನೆ ಅನ್ನುವ ಭರವಸೆ.

ಇನ್ನೂ ನಂಬಿಕೆ ಇಲ್ಲದಿದ್ದರೆ ಒಂದೇ ಒಂದು ಬ್ಯಾಕ್‌ಲಾಗ್ ಉಳಿಸಿಕೊಂಡ ಹುಡುಗನನ್ನು ನೋಡಿ. ಎಂಟು ಸೆಮಿಸ್ಟರ್ ಕೂತಿದ್ದಾನೆ. ಉಳಿದ ಎಲ್ಲ ಪೇಪರ್ ಪಾಸು. ಕಲಿತದ್ದಕ್ಕೆ ದುಡ್ಡು ಅನ್ನುವುದಾದರೆ ಅವನಿಗೆ ಪಕ್ಕದವನಿಗಿಂತ ಚೂರು ಕಡಿಮೆ ಸಂಬಳ ಸಿಗಬೇಕಿತ್ತು. ಸಿಗುವುದು ಏನು? ಕಾಲ್ ಲೆಟರೇ ಇಲ್ಲ. ಅಮೆರಿಕದಲ್ಲೂ ಇಂಥದ್ದನ್ನೇ ಅಳೆದಿದ್ದಾರೆ. ಓದಿನ ಒಂದೊಂದು ವರ್ಷಕ್ಕೂ ಸಂಬಳ ಸ್ವಲ್ಪ ಏರುತ್ತದೆ, ಆದರೆ ಡಿಗ್ರಿ ಕೈಗೆ ಬರುವ ಕೊನೆಯ ವರ್ಷಕ್ಕೆ ಒಮ್ಮೆಲೇ ಜಿಗಿಯುತ್ತದೆ. ಕೊನೆಯ ವರ್ಷದಲ್ಲಿ ಮಾತ್ರ ಅಷ್ಟೊಂದು ಪಾಠ ಮಾಡುತ್ತಾರಾ? ಜಿಗಿತದ ದೊಡ್ಡ ಪಾಲು ಮುಗಿಸಿದ್ದಕ್ಕೆ.

"ಜುಕರ್‌ಬರ್ಗ್ ಡಿಗ್ರಿ ಮಾಡಿಲ್ಲ, ಬಿಲ್ ಗೇಟ್ಸ್ ಮಾಡಿಲ್ಲ." ಪ್ರತಿ ಸಲ ಇದೇ! ಇಬ್ಬರೂ ಬಿಟ್ಟದ್ದು ಯಾವ ಕಾಲೇಜನ್ನು? ಹಾರ್ವರ್ಡನ್ನು. ಅಲ್ಲಿ ಸೀಟು ಸಿಕ್ಕಿದಾಗಲೇ ಅವರ ಸಿಗ್ನಲ್ ಮುಗಿದಿತ್ತು. ಕೈಲಾಗದವನಿಗೆ ಆ ಸೀಟು ಎಷ್ಟು ದುಡಿದರೂ ಸಿಗದು. ಮತ್ತೆ ಅದೇ ಖರ್ಚಿನ ವ್ಯತ್ಯಾಸದ ಮಾತು.

ನಡುವೆ ಒಂದು ಮಾತು: ಈ ಚಾನೆಲ್‌ಗೆ ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲದಿದ್ದರೆ ಆಗಿ. ಅರ್ಥಶಾಸ್ತ್ರವನ್ನು ಕನ್ನಡದಲ್ಲಿ ಹೇಳುವವರು ಕಡಿಮೆ. ಕೇಳುವವರಿದ್ದಾರೆ ಅನ್ನುವುದು ನಿಮ್ಮಿಂದಲೇ ಗೊತ್ತಾಗಬೇಕು.

ಈಗ ಸಿಗ್ನಲ್ ಸಾಯುವುದು ಹೇಗೆ ನೋಡಿ. ರಮೇಶನ ಖರ್ಚು 20ರಿಂದ 12ಕ್ಕೆ ಇಳಿಯಿತು ಅಂದುಕೊಳ್ಳಿ. ಪ್ರಶ್ನೆಪತ್ರಿಕೆ ಸುಲಭ, ಇಂಟರ್ನಲ್ ಮಾರ್ಕ್ಸ್ ಧಾರಾಳ, ಪ್ರಾಜೆಕ್ಟು ಅಂಗಡಿಯಲ್ಲಿ ರೆಡಿ ಸಿಗುತ್ತದೆ. 12 ಹಾಕಿದರೆ 15 ಬರುತ್ತದೆ, ಅವನೂ ಡಿಗ್ರಿ ಮಾಡುತ್ತಾನೆ. ಕಾವ್ಯಳ ಕೈಯಲ್ಲೂ ಅದೇ ಕಾಗದ, ರಮೇಶನ ಕೈಯಲ್ಲೂ ಅದೇ ಕಾಗದ. ಕಂಪನಿಗೆ ಇದು ಗೊತ್ತಾಗಲು ಒಂದೆರಡು ಬ್ಯಾಚ್ ಸಾಕು. ಆಮೇಲೆ ಡಿಗ್ರಿಗೆ 6 ಲಕ್ಷ ಕೊಡುವುದಿಲ್ಲ. ಇನ್ನೊಂದು ಗೋಡೆ ಎಬ್ಬಿಸುತ್ತದೆ. ಮೊದಲು 60 ಪರ್ಸೆಂಟ್, ಆಮೇಲೆ ಆಪ್ಟಿಟ್ಯೂಡ್, ಆಮೇಲೆ ಎಂ.ಟೆಕ್. ಕಾವ್ಯ ಇನ್ನೆರಡು ವರ್ಷ ಓದಬೇಕು, ತನ್ನಲ್ಲಿ ಮೊದಲೇ ಇದ್ದದ್ದನ್ನು ಮತ್ತೆ ತೋರಿಸಲಿಕ್ಕೆ! ಪಾಸು ಸುಲಭ ಮಾಡಿ ಮಕ್ಕಳಿಗೆ ಉಪಕಾರ ಮಾಡುತ್ತಿದ್ದೇವೆ ಅನ್ನುವ ಮೇಷ್ಟ್ರುಗಳೇ, ಅದರ ಬಿಲ್ಲು ಕಾವ್ಯ ಕಟ್ಟುತ್ತಿದ್ದಾಳೆ.

ಆನ್‌ಲೈನ್ ಸರ್ಟಿಫಿಕೇಟ್ ಕಥೆಯೂ ಇದೇ. ವಿಡಿಯೋ ಓಡಿಸಿಬಿಟ್ಟು ಊಟಕ್ಕೆ ಹೋದವನಿಗೂ, ರಾತ್ರಿಯಿಡೀ ಕೂತು ಮಾಡಿದವನಿಗೂ ಒಂದೇ ಪಿಡಿಎಫ್. ಖರ್ಚಿನಲ್ಲಿ ವ್ಯತ್ಯಾಸ ಇಲ್ಲ, ಹಾಗಾಗಿ ಸಿಗ್ನಲ್ಲೂ ಇಲ್ಲ. ಲಿಂಕ್ಡ್‌ಇನ್‌ನಲ್ಲಿ ಹನ್ನೆರಡು ಹಾಕಿದರೂ ಅಷ್ಟೇ.

ಹಾಗಾದರೆ ಕಾಗದ ಜೀವನಪೂರ್ತಿ ಬೆನ್ನು ಹತ್ತುತ್ತದಾ? ಇಲ್ಲ. ಆಲ್ಟೊಂಜಿ ಮತ್ತು ಪಿಯರೆ ಎಂಬಿಬ್ಬರು ಅರ್ಥಶಾಸ್ತ್ರಜ್ಞರು, ಅಮೆರಿಕದ ಯುವಕರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಮೀಕ್ಷೆಯೊಂದನ್ನು ಹಿಡಿದು 2001ರಲ್ಲಿ ಲೆಕ್ಕ ಹಾಕಿದರು. ಆ ಯುವಕರು ಬರೆದಿದ್ದ ಒಂದು ಸಾಮರ್ಥ್ಯ ಪರೀಕ್ಷೆಯ ಅಂಕ ಸಂಶೋಧಕರ ಹತ್ತಿರ ಇತ್ತು, ಮಾಲೀಕರಿಗೆ ಗೊತ್ತಿರಲಿಲ್ಲ. ಕೆಲಸದ ಅನುಭವ ಏರಿದಂತೆ ಆ ಅಂಕಕ್ಕೂ ಸಂಬಳಕ್ಕೂ ನಂಟು ಬಲವಾಯಿತು, ಓದಿನ ವರ್ಷಗಳ ನಂಟು ಸಡಿಲವಾಯಿತು. ಮಾಲೀಕರು ಕೆಲಸ ನೋಡಿ ಕಲಿಯುತ್ತಾರೆ. ಆದರೆ ನೋಡಬೇಕಾದರೆ ಮೊದಲು ಒಳಗೆ ಬಿಡಬೇಕಲ್ಲ!

ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ಖರ್ಚಿನ ವ್ಯತ್ಯಾಸ ಸಾಮರ್ಥ್ಯದಿಂದ ಬಂದರೆ ಸಿಗ್ನಲ್ ಸಾಮರ್ಥ್ಯವನ್ನು ಹೇಳುತ್ತದೆ. ವ್ಯತ್ಯಾಸ ಅಪ್ಪನ ಜೇಬಿನಿಂದ ಬಂದರೆ ಅದು ಅಪ್ಪನ ಜೇಬನ್ನು ಹೇಳುತ್ತದೆ. ಮ್ಯಾನೇಜ್‌ಮೆಂಟ್ ಸೀಟಿನ ಲಕ್ಷಗಳು ಯಾರಿಗೆ ಸುಲಭ? ಬುದ್ಧಿವಂತನಿಗಾ, ದುಡ್ಡಿದ್ದವನಿಗಾ? ಎಸ್ಸೆಸ್ಸೆಲ್ಸಿಯ 60 ಪರ್ಸೆಂಟ್ ಯಾರಿಗೆ ಸುಲಭ? ಜಯನಗರದಲ್ಲಿ ಮೂರು ಟ್ಯೂಷನ್‌ಗೆ ಹೋದವನಿಗಾ, ವರ್ಷವಿಡೀ ಗಣಿತದ ಮೇಷ್ಟ್ರೇ ಇಲ್ಲದ ಹಳ್ಳಿ ಶಾಲೆಯಲ್ಲಿ ಕೂತು, ಸಂಜೆ ಹೊಲಕ್ಕೆ ಹೋದವನಿಗಾ? ಆ ಹಳ್ಳಿ ಹುಡುಗ 57 ತಂದು, ಆಮೇಲೆ ಬಿ.ಇ.ಯಲ್ಲಿ 78 ತೆಗೆದಿದ್ದರೆ, ಅದಕ್ಕಿಂತ ಗಟ್ಟಿ ಸಿಗ್ನಲ್ ಯಾವುದಿದೆ ರೀ? ನೇಮಕಾತಿ ಮಾಡುವವರೇ, ನಿಮ್ಮ ಫಿಲ್ಟರ್ ಅವನನ್ನೇ ಮೊದಲು ಎಸೆಯುತ್ತದೆ!

"ಸಾವಿರಾರು ಅರ್ಜಿ ಸಾರ್, ಏನಾದರೂ ಒಂದು ಗೆರೆ ಎಳೆಯಬೇಕಲ್ವಾ?" ಎಳೆಯಿರಿ. ಹತ್ತನೇ ಕ್ಲಾಸಿನ ಮೇಲೆ ಯಾಕೆ ಎಳೆಯುತ್ತೀರಿ? ಎದುರಿಗೆ ಕೂರಿಸಿ ಎರಡು ಗಂಟೆ ಕೆಲಸ ಕೊಡಿ. ಬಲ್ಲವರಿಗೆ ಎರಡು ಗಂಟೆ, ಬಾರದವರಿಗೆ ಎರಡು ದಿನ ಕೊಟ್ಟರೂ ಆಗದು. ಖರ್ಚಾಗುತ್ತದೆ ಅನ್ನುತ್ತೀರಾ? ಈಗಿನ ಖರ್ಚು ಯಾರ ತಲೆ ಮೇಲಿದೆ? ಸಾಲ ಮಾಡಿ ಸೀಟು ಕೊಡಿಸಿದ ಮನೆಯವರ ಮೇಲೆ. ಎಕ್ಸೆಲ್ ಫಿಲ್ಟರ್ ನಿಮಗೆ ಪುಕ್ಕಟೆ, ಅಷ್ಟೇ ಕಾರಣ. ಬೇರೆ ಕಾರಣ ಇದ್ದರೆ ಹೇಳಿ, ಇದೇ ಮೈಕಿನ ಮುಂದೆ ಕೂರಿಸಿ ಮಾತಾಡಿಸುತ್ತೇನೆ.

ನೇಮಕಾತಿಯಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನು ನೋಡುತ್ತಿದ್ದರೆ ಬನ್ನಿ. ಹತ್ತನೇ ಕ್ಲಾಸಿನ ಕಾಲಮ್ ಯಾಕೆ ಬೇಕು ಅಂತ ಒಂದು ಕಾರಣ ತನ್ನಿ. ಇಮೇಲ್ ವಿಳಾಸ ಕೆಳಗಿದೆ.